ಮಾತ್ರೆ ನುಂಗಿದರೂ ದಮ್ಮು ಇಳಿದಿಲ್ಲ, ನಿಲ್ಲಿಸಿಬಿಡೋಣವೇ?

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. ತಿ. ನರಸೀಪುರ ತಾಲ್ಲೂಕಿನಲ್ಲಿ ಭತ್ತ, ಕಬ್ಬು ಬೆಳೆಯುತ್ತಿದ್ದವರು. ಬೀಡಿ ಬಿಟ್ಟು ಹತ್ತು ವರ್ಷವಾಯಿತು. ಎರಡು ವರ್ಷದಿಂದ ಒಣ ಕೆಮ್ಮು, ನಡೆದರೆ ಏದುಸಿರು. ಮೊದಲು ಒಂದು ಕಡೆ ಟಿ.ಬಿ. ಇರಬಹುದೆಂದು ಆರು ತಿಂಗಳು ಮಾತ್ರೆ ಕೊಟ್ಟರು, ಗುಣ ಕಾಣಲಿಲ್ಲ. ಆಮೇಲೆ ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದಾಗ 'ಯು.ಐ.ಪಿ. ಪ್ಯಾಟರ್ನ್' ಎಂದು ಬಂತು. ಕಾಯಿಲೆಯ ಹೆಸರು ಐ.ಪಿ.ಎಫ್. ಎಂದರು. ಐದು ತಿಂಗಳಿಂದ ಪಿರ್ಫೆನಿಡೋನ್ ಕೊಡುತ್ತಿದ್ದೇವೆ. ದಮ್ಮು ಹಾಗೇ ಇದೆ; ಊಟ ಸೇರುವುದಿಲ್ಲ, ಕತ್ತು ಕೈ ಎಲ್ಲ ಸುಟ್ಟಂತೆ ಕಪ್ಪಾಗಿವೆ. ನಂಜನಗೂಡಿನ ಹತ್ತಿರ ನಮ್ಮ ನೆಂಟರೊಬ್ಬರಿಗೂ ಇಂಥದೇ ಕಾಯಿಲೆ ಇತ್ತು. ಅವರು ಸ್ಟೀರಾಯ್ಡ್ ತೆಗೆದುಕೊಂಡು ಈಗ ಸೈಕಲ್ ತುಳಿಯುತ್ತಿದ್ದಾರೆ. ಈ ಮಾತ್ರೆ ನಿಲ್ಲಿಸಿ ನಾವೂ ಅದನ್ನೇ ಕೊಡಿಸೋಣವೇ? ಇನ್ನೊಂದು ಮಾತು: ಈ ಸಲ ನಂಜನಗೂಡು ದೊಡ್ಡ ಜಾತ್ರೆಗೆ ಹೋಗಲೇಬೇಕು ಅನ್ನುತ್ತಿದ್ದಾರೆ. ಕರೆದುಕೊಂಡು ಹೋಗಬಹುದೇ?

ಉತ್ತರ: ಮಾತ್ರೆ ನಿಲ್ಲಿಸಬೇಡಿ. ಸ್ಟೀರಾಯ್ಡ್ ಅನ್ನು ನೀವಾಗಿ ಶುರು ಮಾಡಲೇಬೇಡಿ. ಜಾತ್ರೆಯ ವಿಷಯ ಕೊನೆಗೆ ಬರುತ್ತೇನೆ. ನಿಮ್ಮ ಕಾಗದದ ಜೊತೆ ಕಳಿಸಿದ ರಿಪೋರ್ಟುಗಳನ್ನು ನೋಡಿದೆ. ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಅವುಗಳಲ್ಲೇ ಇದೆ, ಬಿಡಿಸಿ ಹೇಳಿದವರಿಲ್ಲ ಅಷ್ಟೆ.

ಮೊದಲು ಕಾಯಿಲೆ ಎಲ್ಲಿದೆ ಎಂದು ತಿಳಿಯಿರಿ. ನಮ್ಮ ಕಡೆ ವಯಸ್ಸಾದವರಿಗೆ ದಮ್ಮು ಬಂದರೆ ಬೀಡಿ ಅಥವಾ ಒಲೆ ಹೊಗೆ ಎನ್ನುವುದು ರೂಢಿ. ಅದು ಸುಳ್ಳೇನಲ್ಲ. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನೇ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕೂತಿರುತ್ತಾರೋ ಅದನ್ನು ಎಷ್ಟು ವರ್ಷ ಕೂತರೋ ಅದರಿಂದ ಗುಣಿಸಿದರೆ ಬರುವ ಲೆಕ್ಕ 60ಕ್ಕೆ ಮುಟ್ಟಿದರೆ, ಅಂದರೆ ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷವಾದರೆ, ಹಳೇ ಕಫದ ಕಾಯಿಲೆ ಹೆಚ್ಚಾಗಿ ಕಾಣುತ್ತದೆ ಎಂದು ಅದು ತೋರಿಸಿತು. ಆದರೆ ಅದು ಗಾಳಿ ಹೋಗುವ ಕೊಳವೆಗಳ ಕಾಯಿಲೆ. ಕಫ ಬರುತ್ತದೆ, ಎದೆ ಸೀಟಿ ಹೊಡೆಯುತ್ತದೆ, ಇನ್‌ಹೇಲರ್ ಎಳೆದರೆ ಸ್ವಲ್ಪ ಹಗುರಾಗುತ್ತದೆ.

ನಿಮ್ಮ ತಂದೆಯವರ ಕೊಳವೆಗಳು ಚೆನ್ನಾಗಿವೆ. ಕೆಟ್ಟಿರುವುದು ಕೊಳವೆಗಳ ತುದಿಯ ಗಾಳಿಚೀಲಗಳ ನಡುವಿನ ತೆಳುಗೋಡೆ. ಆ ಗೋಡೆಯ ಮೂಲಕವೇ ಆಮ್ಲಜನಕ ರಕ್ತಕ್ಕೆ ಇಳಿಯಬೇಕು. ಅಲ್ಲಿ ಗಾಯ ಮಾಗಿದ ಕಲೆಯಂಥ ಗಟ್ಟಿ ನಾರು ಬೆಳೆಯುತ್ತಾ ಹೋಗಿದೆ. ಕೈ ಮೇಲಿನ ಸುಟ್ಟ ಕಲೆ ಹೇಗೆ ಮತ್ತೆ ಮೊದಲಿನ ಚರ್ಮವಾಗುವುದಿಲ್ಲವೋ ಇದೂ ಹಾಗೆಯೇ. ಶ್ವಾಸಕೋಶ ಹಿಗ್ಗುವುದಿಲ್ಲ. ವೈದ್ಯರು ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟು 'ಉಸಿರೆಳೀರಿ' ಅಂದಾಗ ಅವರಿಗೆ ಕೇಳಿಸಿದ್ದು, ಬ್ಯಾಗಿನ ಅಂಟುಪಟ್ಟಿಯನ್ನು ಪರ್ರನೆ ಬಿಡಿಸಿದಂಥ ಸದ್ದು. ಐ.ಪಿ.ಎಫ್. ಎಂಬ ಹೆಸರಿನ ಮೊದಲ ಅಕ್ಷರ ಹೇಳುವುದು 'ಕಾರಣ ಗೊತ್ತಿಲ್ಲದ' ಎಂದು. ಅರವತ್ತು ದಾಟಿದವರಲ್ಲಿ, ಹೆಂಗಸರಿಗಿಂತ ಗಂಡಸರಲ್ಲಿ, ಬೀಡಿ ಸಿಗರೇಟು ಸೇದಿದವರಲ್ಲಿ ಹೆಚ್ಚು ಎಂಬುದು ಗೊತ್ತಿದೆ. ಆದರೆ ಈ ನಾರು ಯಾಕೆ ಶುರುವಾಯಿತು ಎಂದು ಒಬ್ಬ ರೋಗಿಯ ಮುಂದೆ ಕೂತು ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಆದ್ದರಿಂದಲೇ ಈ ಹೆಸರು ಕೊಡುವ ಮೊದಲು ಕಾರಣ ಗೊತ್ತಾಗಬಹುದಾದ ಬೇರೆ ಕಾಯಿಲೆಗಳನ್ನೆಲ್ಲ ಹುಡುಕಿ ತಳ್ಳಿಹಾಕಬೇಕು.

ನಿಮ್ಮ ನೆಂಟರ ಕತೆ ಬರುವುದು ಇಲ್ಲಿ. ಶ್ವಾಸಕೋಶದಲ್ಲಿ ನಾರು ಕಟ್ಟುವ ಕಾಯಿಲೆಗಳು ಹತ್ತಾರಿವೆ. 2012ರಿಂದ 2015ರವರೆಗೆ ದೇಶದ 19 ನಗರಗಳ 27 ಕೇಂದ್ರಗಳಲ್ಲಿ ಇಂಥ 1,084 ರೋಗಿಗಳನ್ನು ದಾಖಲಿಸಿ ಲೆಕ್ಕ ಹಾಕಿದರು. ಐ.ಪಿ.ಎಫ್. ಇದ್ದದ್ದು ನೂರಕ್ಕೆ 14 ಜನರಲ್ಲಿ ಮಾತ್ರ. 47 ಜನರಲ್ಲಿ ಇದ್ದದ್ದು ಎಚ್.ಪಿ. ಎಂದು ಕರೆಯುವ ಬೇರೊಂದು ಕಾಯಿಲೆ. ಏನನ್ನೋ ಉಸಿರಾಡಿ, ದೇಹ ಅದಕ್ಕೆ ಒಗ್ಗದೆ ಶ್ವಾಸಕೋಶ ಊದಿಕೊಳ್ಳುವುದು ಇದರ ಮೂಲ. ಬೂಷ್ಟು ಹಿಡಿದ ಹುಲ್ಲು, ಆಲೆಮನೆಯ ಪಕ್ಕ ಮಳೆಯಲ್ಲಿ ನೆನೆದು ರಾಶಿ ಬಿದ್ದ ಕಬ್ಬಿನ ಸಿಪ್ಪೆ, ಸೂರಿನಲ್ಲಿ ಗೂಡು ಕಟ್ಟಿದ ಪಾರಿವಾಳ, ತೊಳೆಯದೆ ಬಿಟ್ಟ ಏರ್ ಕೂಲರ್, ಇವೆಲ್ಲ ಅದಕ್ಕೆ ಕಾರಣವಾಗಬಲ್ಲವು. ಅದರಲ್ಲಿ ಮೊದಲಿಗೆ ಉರಿಯೂತ, ನಾರು ಆಮೇಲೆ. ಉರಿಯೂತದ ಹಂತದಲ್ಲಿ ಸಿಕ್ಕರೆ, ಕಾರಣವಾದದ್ದನ್ನು ದೂರ ಮಾಡಿ ಸ್ಟೀರಾಯ್ಡ್ ಕೊಟ್ಟರೆ ಕೆಲವರು ನಿಜಕ್ಕೂ ಚೇತರಿಸಿಕೊಳ್ಳುತ್ತಾರೆ. ನಿಮ್ಮ ನೆಂಟರು ಸೈಕಲ್ ತುಳಿಯುತ್ತಿದ್ದರೆ ಅವರಿಗೆ ಇದ್ದದ್ದು ಅದೋ ಅದರ ನೆಂಟ ಕಾಯಿಲೆಯೋ ಆಗಿರುವ ಸಂಭವವೇ ಹೆಚ್ಚು. ಕೆಮ್ಮು ಒಂದೇ, ದಮ್ಮು ಒಂದೇ, ಕಾಯಿಲೆ ಬೇರೆ.

ಐ.ಪಿ.ಎಫ್.ಗೂ ಸ್ಟೀರಾಯ್ಡ್ ಕೊಡುತ್ತಿದ್ದ ಕಾಲವಿತ್ತು. ನನ್ನ ವಯಸ್ಸಿನ ವೈದ್ಯರೆಲ್ಲ ಹಾಗೆಯೇ ಕಲಿತವರು. ಪ್ರೆಡ್ನಿಸೋನ್, ಅಜಥಯೋಪ್ರಿನ್, ಅಸಿಟೈಲ್ ಸಿಸ್ಟೀನ್ ಮೂರನ್ನೂ ಸೇರಿಸಿ ಕೊಡುವುದು ಪದ್ಧತಿಯಾಗಿತ್ತು. ಅಮೆರಿಕದಲ್ಲಿ ಇದನ್ನು ಖಾಲಿ ಮಾತ್ರೆಯ ಜೊತೆ ಹೋಲಿಸಿ ನೋಡುತ್ತಿದ್ದಾಗ, ಔಷಧಿ ಪಡೆದ ಗುಂಪಿನಲ್ಲಿ ಎಂಟು ಜನ ಸತ್ತರು, ಖಾಲಿ ಮಾತ್ರೆಯವರಲ್ಲಿ ಒಬ್ಬರು. ಪ್ರಯೋಗದ ಆ ಭಾಗವನ್ನು ಅರ್ಧದಲ್ಲೇ ನಿಲ್ಲಿಸಿದರು. 2012ರಲ್ಲಿ ಫಲಿತಾಂಶ ಪ್ರಕಟವಾದ ಮೇಲೆ ಆ ಪದ್ಧತಿ ಮುಗಿಯಿತು. ಸ್ಟೀರಾಯ್ಡ್ ತೆಗೆದುಕೊಂಡರೆ ಹಸಿವು ಹೆಚ್ಚುತ್ತದೆ, ಮೈ ಹಗುರಾದಂತೆ ಅನ್ನಿಸುತ್ತದೆ, ಮನೆಯವರು 'ಗುಣವಾಯ್ತು' ಅನ್ನುತ್ತಾರೆ. ಆ ಎರಡು ವಾರದ ಗೆಲುವಿಗೆ ಮೋಸ ಹೋಗಬಾರದು.

ಹಾಗಾದರೆ ನಿಮ್ಮ ತಂದೆಗೆ ಇರುವುದು ಎಚ್.ಪಿ. ಅಲ್ಲ ಎಂದು ಹೇಗೆ ಹೇಳುವುದು? ಸ್ಕ್ಯಾನಿನಿಂದ. ಅದೂ ಎಲ್ಲ ಸ್ಕ್ಯಾನಿನಿಂದಲ್ಲ. ನೀವು ಮೊದಲು ಮಾಡಿಸಿದ ಎದೆಯ ಸಿ.ಟಿ. ದಪ್ಪ ಹೋಳುಗಳದು. ಈರುಳ್ಳಿಯನ್ನು ದಪ್ಪಗೆ ಕೊಯ್ದರೆ ಒಳಗಿನ ಎಳೆ ಕಾಣುವುದಿಲ್ಲ, ತೆಳ್ಳಗೆ ಕೊಯ್ದರೆ ಕಾಣುತ್ತದೆ. ಈ ಕಾಯಿಲೆಗೆ ಬೇಕಾದದ್ದು ಒಂದೂವರೆ ಮಿಲಿಮೀಟರಿಗಿಂತ ತೆಳುವಾದ ಹೋಳುಗಳ ಎಚ್.ಆರ್.ಸಿ.ಟಿ. ಇದಕ್ಕೆ ರಕ್ತನಾಳಕ್ಕೆ ಬಣ್ಣದ ಔಷಧಿ ಚುಚ್ಚಬೇಕಾಗಿಲ್ಲ. ಉಸಿರನ್ನು ಪೂರ್ತಿ ಎಳೆದು ಹಿಡಿದು ಒಮ್ಮೆ ತೆಗೆಯುತ್ತಾರೆ, ಪೂರ್ತಿ ಬಿಟ್ಟು ಇನ್ನೊಮ್ಮೆ, ಬೋರಲು ಮಲಗಿಸಿ ಮತ್ತೊಮ್ಮೆ. ಬೋರಲು ಯಾಕೆಂದರೆ, ಅಂಗಾತ ಮಲಗಿದಾಗ ಶ್ವಾಸಕೋಶದ ಹಿಂಭಾಗ ತನ್ನ ಭಾರಕ್ಕೇ ಸ್ವಲ್ಪ ಅದುಮಿಕೊಂಡು ಸುಳ್ಳು ನೆರಳು ಬೀಳುತ್ತದೆ. ಬೋರಲು ಮಲಗಿದಾಗಲೂ ಉಳಿದ ನೆರಳೇ ನಿಜವಾದ ನಾರು.

ನಿಮ್ಮ ರಿಪೋರ್ಟಿನಲ್ಲಿರುವ 'ಯು.ಐ.ಪಿ. ಪ್ಯಾಟರ್ನ್' ಒಂದು ಚಿತ್ರದ ಹೆಸರು, ಕಾಯಿಲೆಯ ಹೆಸರಲ್ಲ. ಆ ಚಿತ್ರ ಹೀಗಿರುತ್ತದೆ. ಹಾನಿ ಶ್ವಾಸಕೋಶದ ತಳದಲ್ಲಿ ಹೆಚ್ಚು, ಮೇಲಕ್ಕೆ ಹೋದಂತೆ ಕಡಿಮೆ. ನಡುವಿಗಿಂತ ಅಂಚಿನಲ್ಲಿ, ಪಕ್ಕೆಲುಬಿಗೆ ತಾಗುವ ಹೊರಪದರದ ಕೆಳಗೆ ಹೆಚ್ಚು. ಆ ಅಂಚಿನಲ್ಲಿ ಜೇಡನ ಬಲೆಯಂಥ ಗೆರೆಗಳು, ಅವುಗಳ ಜೊತೆ ಸಣ್ಣ ಸಣ್ಣ ಗಾಳಿಗುಳ್ಳೆಗಳು ಸಾಲುಗಟ್ಟಿ ಒಂದರ ಮೇಲೊಂದು ಕೂತಿರುತ್ತವೆ. ಒಂದೊಂದೂ ಮೂರರಿಂದ ಹತ್ತು ಮಿಲಿಮೀಟರ್, ಗೋಡೆ ಗಟ್ಟಿ. ನೋಡಲು ಥೇಟ್ ಜೇನುಗೂಡು. ವೈದ್ಯರೂ ಅದನ್ನು ಹಾಗೆಯೇ ಕರೆಯುತ್ತಾರೆ. ಗಾಳಿಚೀಲಗಳು ಸತ್ತು ನಾರಾಗಿ, ಉಳಿದ ಜಾಗ ಟೊಳ್ಳಾಗಿ ಆ ಗೂಡು ಆಗಿದೆ. ಪಕ್ಕದ ಸಣ್ಣ ಕೊಳವೆಗಳನ್ನು ನಾರು ನಾಲ್ಕೂ ಕಡೆಯಿಂದ ಎಳೆದು ಸೊಟ್ಟಗೆ ಅಗಲ ಮಾಡಿರುತ್ತದೆ. ಜೇನುಗೂಡು ಇನ್ನೂ ಕಟ್ಟಿಲ್ಲ, ಆದರೆ ಸೊಟ್ಟ ಕೊಳವೆಗಳೂ ಬಲೆಯೂ ಅದೇ ಜಾಗದಲ್ಲಿವೆ ಎಂದಾದರೆ ರಿಪೋರ್ಟಿನಲ್ಲಿ 'ಪ್ರಾಬಬಲ್ ಯು.ಐ.ಪಿ.' ಎಂದು ಬರೆಯುತ್ತಾರೆ. ಬಹಳ ಮಟ್ಟಿಗೆ ಅದನ್ನೂ ಹೀಗೆಯೇ ಪರಿಗಣಿಸುತ್ತಾರೆ.

ಎಚ್.ಪಿ.ಯ ಚಿತ್ರ ಬೇರೆ. ಮೇಲ್ಭಾಗವೋ ನಡುಭಾಗವೋ ಹೆಚ್ಚು ಕೆಟ್ಟಿರುತ್ತದೆ. ಮಂಜು ಮುಸುಕಿದಂಥ ಬಿಳಿ ಜಾಗ, ಮಾಮೂಲು ಜಾಗ, ಗಾಳಿ ಹೊರಗೆ ಹೋಗದೆ ಸಿಕ್ಕಿಕೊಂಡ ಕಪ್ಪು ಜಾಗ, ಈ ಮೂರೂ ತೇಪೆ ಹಾಕಿದಂತೆ ಒಟ್ಟಿಗೆ ಕಾಣುತ್ತವೆ. ಉಸಿರು ಬಿಟ್ಟು ತೆಗೆದ ಚಿತ್ರದಲ್ಲಿ ಆ ಕಪ್ಪು ತೇಪೆಗಳು ಎದ್ದು ಕಾಣುತ್ತವೆ. ಉಸಿರು ಬಿಡಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿದ್ದು ಅದಕ್ಕೇ, ಬಿಲ್ಲಿಗಲ್ಲ. ನಿಮ್ಮ ತಂದೆಯವರ ಚಿತ್ರದಲ್ಲಿ ಆ ತೇಪೆ ಇಲ್ಲ; ತಳದಲ್ಲಿ ಎರಡೂ ಕಡೆ ಜೇನುಗೂಡಿದೆ. ಕೀಲುವಾತದ ಬಗೆಯ ಕಾಯಿಲೆಗಳಿಂದಲೂ ಯು.ಐ.ಪಿ. ಚಿತ್ರ ಬರಬಹುದು. ಅದಕ್ಕೆ ಮಾಡುವ ರಕ್ತಪರೀಕ್ಷೆಗಳೂ ನೆಗೆಟಿವ್ ಬಂದಿವೆ. ಚಿತ್ರ ಇಷ್ಟು ಸ್ಪಷ್ಟವಾಗಿರುವಾಗ ಶ್ವಾಸಕೋಶದ ತುಂಡು ತೆಗೆದು ನೋಡುವ ಅಗತ್ಯವೂ ಇಲ್ಲ. ನಿಮ್ಮ ವೈದ್ಯರು ಬಯಾಪ್ಸಿ ಮಾಡದಿದ್ದುದು ಅಸಡ್ಡೆಯಿಂದಲ್ಲ.

ಟಿ.ಬಿ. ಮಾತ್ರೆಯ ವಿಷಯ ಒಂದೇ ಮಾತು. ಎಕ್ಸ್‌ರೇಯಲ್ಲಿ ನೆರಳು ಕಂಡು, ಕಫದಲ್ಲಿ ಕ್ರಿಮಿ ಸಿಗದಿದ್ದರೂ ಟಿ.ಬಿ. ಮಾತ್ರೆ ಕೊಡುವುದು ನಮ್ಮ ದೇಶದಲ್ಲಿ ಈ ರೋಗಿಗಳ ಪಾಲಿಗೆ ಎಷ್ಟೋ ಸಲ ಆಗುತ್ತದೆ. ಟಿ.ಬಿ. ಸಾಮಾನ್ಯವಾಗಿ ಶ್ವಾಸಕೋಶದ ನೆತ್ತಿ ಹಿಡಿಯುತ್ತದೆ, ಇದು ತಳ. ಜ್ವರವಿಲ್ಲ, ಕಫವಿಲ್ಲ. ಆರು ತಿಂಗಳು ಹೋಯಿತು, ಹೋಗಲಿ.

ಈಗ ಮಾತ್ರೆ. ಪಿರ್ಫೆನಿಡೋನ್, ನಿಂಟೆಡಾನಿಬ್ ಎರಡೂ ನಾರು ಬೆಳೆಯುವ ವೇಗವನ್ನು ತಗ್ಗಿಸುವ ಔಷಧಿಗಳು. ಆಗಲೇ ಬೆಳೆದ ನಾರನ್ನು ಕರಗಿಸುವ ಶಕ್ತಿ ಎರಡಕ್ಕೂ ಇಲ್ಲ. ಅಂದಮೇಲೆ ದಮ್ಮು ಇಳಿಯಲಿಲ್ಲ ಎನ್ನುವುದು ಮಾತ್ರೆ ಸೋತದ್ದಕ್ಕೆ ಗುರುತಲ್ಲ. ಸೋತಿದೆಯೇ ಎಂದು ತಿಳಿಯಲು ನೋಡಬೇಕಾದದ್ದು ಊದುವ ಪರೀಕ್ಷೆಯ ಒಂದು ಅಂಕಿ, ಎಫ್.ವಿ.ಸಿ. ಪೂರ್ತಿ ಉಸಿರೆಳೆದು ಜೋರಾಗಿ ಊದಿದಾಗ ಒಟ್ಟು ಎಷ್ಟು ಗಾಳಿ ಹೊರಬಂತು ಎಂಬ ಲೆಕ್ಕ ಅದು.

ನಿಮ್ಮ ತಂದೆಯವರದು ಮಾತ್ರೆ ಶುರುವಿಗೆ 2.30 ಲೀಟರ್ ಇತ್ತು. ಐದು ತಿಂಗಳ ಮೇಲೆ 2.26. ನೀವು ಆ ಚೀಟಿಯ ಪಕ್ಕದಲ್ಲಿ ಪೆನ್ನಿನಿಂದ 'ಕಡಿಮೆಯಾಗಿದೆ' ಎಂದು ಗೆರೆ ಎಳೆದಿದ್ದೀರಿ. ನಾನು ಅದನ್ನು ನೋಡಿ ಸಮಾಧಾನಪಟ್ಟೆ. ನಿಂಟೆಡಾನಿಬ್ ಮೇಲೆ 2014ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ ಒಂದನ್ನು ತೆಗೆದುಕೊಂಡರೆ, ಖಾಲಿ ಮಾತ್ರೆ ತಿಂದವರು ವರ್ಷಕ್ಕೆ ಸುಮಾರು 240 ಮಿಲಿಲೀಟರ್ ಕಳೆದುಕೊಂಡರು. ಔಷಧಿ ತಿಂದವರು ಸುಮಾರು 115. ಅಂದರೆ ಔಷಧಿಯಿದ್ದರೂ ಇಳಿಯುತ್ತದೆ, ಅರ್ಧ ವೇಗದಲ್ಲಿ. ಅದೇ ವರ್ಷ ಬಂದ ಪಿರ್ಫೆನಿಡೋನ್ ಪ್ರಯೋಗದಲ್ಲಿ ಒಂದು ವರ್ಷದೊಳಗೆ ಹತ್ತು ಶೇಕಡಾ ಅಂಶದಷ್ಟು ಕುಸಿದವರು ಅಥವಾ ಸತ್ತವರು ಖಾಲಿ ಮಾತ್ರೆಯವರಲ್ಲಿ ನೂರಕ್ಕೆ 32, ಔಷಧಿಯವರಲ್ಲಿ 17. ಅಮೆರಿಕದಲ್ಲಿ ಎರಡಕ್ಕೂ ಒಪ್ಪಿಗೆ ಸಿಕ್ಕಿದ್ದು ಅದೇ ವರ್ಷ ಅಕ್ಟೋಬರಿನಲ್ಲಿ. ನಮ್ಮಲ್ಲಿ ಪಿರ್ಫೆನಿಡೋನ್ ಅದಕ್ಕೂ ಮೊದಲೇ, 2010ರಲ್ಲೇ ಬಂದಿತ್ತು.

ನಿಮ್ಮ ತಂದೆಯವರು ಐದು ತಿಂಗಳಲ್ಲಿ ಕಳೆದುಕೊಂಡದ್ದು 40 ಮಿಲಿಲೀಟರ್. ಇಂದು ಊದಿಸಿ, ನಾಳೆ ಊದಿಸಿದರೂ ಅಷ್ಟು ವ್ಯತ್ಯಾಸ ಬಂದೀತು. ಮಾತ್ರೆ ಇಲ್ಲದಿದ್ದರೆ ಎಷ್ಟು ಇಳಿಯುತ್ತಿತ್ತು ಎಂದು ಒಬ್ಬರ ವಿಷಯದಲ್ಲಿ ಯಾರೂ ಹೇಳಲಾರರು. ಈ ಔಷಧಿಯ ಕಷ್ಟವೇ ಅದು, ಅದರ ಉಪಕಾರ ಕಣ್ಣಿಗೆ ಕಾಣುವುದಿಲ್ಲ. ತಿ. ನರಸೀಪುರದವರಿಗೆ ಗುಂಜಾ ನರಸಿಂಹನ ಮಾತು ಗೊತ್ತು, ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು. ಈ ಲೆಕ್ಕವೂ ಗುಲಗಂಜಿಯಲ್ಲೇ ನಡೆಯುವುದು, ಆದರೆ ವರ್ಷ ವರ್ಷ ಕೂಡುತ್ತದೆ. ಮುಂದಿನ ಪರೀಕ್ಷೆಗಳಲ್ಲಿ ಅಂಕಿ 2.07ಕ್ಕಿಂತ ಕೆಳಗೆ ಬಂದರೆ, ಅಂದರೆ ಶುರುವಿನದರಲ್ಲಿ ಹತ್ತನೇ ಒಂದು ಭಾಗ ಹೋದರೆ, ಆಗ ನಿಜಕ್ಕೂ ಇಳಿದಿದೆ ಎಂದು ಲೆಕ್ಕ. ಆಗ ಔಷಧಿ ಬದಲಿಸುವ ಮಾತು ವೈದ್ಯರ ಜೊತೆ ಆಡಿ. ಮೂರರಿಂದ ಆರು ತಿಂಗಳಿಗೊಮ್ಮೆ ಅದೇ ಕಡೆ, ಅದೇ ಯಂತ್ರದಲ್ಲಿ ಊದಿಸುವುದು ಒಳ್ಳೆಯದು.

ಊಟ ಸೇರದ ವಿಷಯ. ನೀವೇ ಬರೆದಿದ್ದೀರಿ, ಬೆಳಗಿನ ಮಾತ್ರೆಯನ್ನು ಆರು ಗಂಟೆಗೆ ಕಾಫಿ ಜೊತೆ ನುಂಗಿ ಗದ್ದೆ ಕಡೆ ಹೋಗುತ್ತಾರೆ ಎಂದು. ತೊಂದರೆಯ ಬೇರು ಅಲ್ಲಿದೆ. ಪಿರ್ಫೆನಿಡೋನನ್ನು ಹೊಟ್ಟೆ ತುಂಬ ಊಟದ ನಡುವೆ ನುಂಗಬೇಕು. ಮುದ್ದೆಯೋ ಅನ್ನವೋ ಅರ್ಧ ಊಟ, ಮಾತ್ರೆ, ಉಳಿದರ್ಧ ಊಟ. ಹಸಿದ ಹೊಟ್ಟೆಗೆ ಬಿದ್ದರೆ ಅದು ರಕ್ತಕ್ಕೆ ಒಮ್ಮೆಗೇ ಏರಿ ವಾಕರಿಕೆ ತರುತ್ತದೆ. ಈಗ ಅವರು ತೆಗೆದುಕೊಳ್ಳುತ್ತಿರುವುದು ದಿನಕ್ಕೆ ಮೂರು ಹೊತ್ತು 600 ಮಿಲಿಗ್ರಾಂ. ಸಾಮಾನ್ಯವಾಗಿ ಮೊದಲ ವಾರ 200, ಎರಡನೇ ವಾರ 400, ಹೀಗೆ ಮೆಟ್ಟಿಲು ಹತ್ತಿಸುತ್ತಾರೆ. ತಡೆಯದಿದ್ದರೆ ವೈದ್ಯರು ಒಂದು ಮೆಟ್ಟಿಲು ಇಳಿಸಿ ಮತ್ತೆ ಹತ್ತಿಸುತ್ತಾರೆ. ಎರಡು ವಾರ ಪೂರ್ತಿ ತಪ್ಪಿದರೆ ಮಾತ್ರ ಮತ್ತೆ ಮೊದಲ ಮೆಟ್ಟಿಲಿನಿಂದಲೇ ಶುರು. ಪಿತ್ತಜನಕಾಂಗದ ರಕ್ತಪರೀಕ್ಷೆ, ಅಂದರೆ ಎಲ್.ಎಫ್.ಟಿ., ಮೊದಲ ಆರು ತಿಂಗಳು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ನೀವು ಎರಡು ತಿಂಗಳಿಂದ ಮಾಡಿಸಿಲ್ಲ, ಈ ವಾರವೇ ಮಾಡಿಸಿ. ಮತ್ತೆ ಬೀಡಿ ಹಿಡಿದರೆ ಔಷಧಿ ಮೈಯಲ್ಲಿ ನಿಲ್ಲದೆ ಬೇಗ ಕರಗಿ ಹೋಗುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಎಂಬ ಸಾಮಾನ್ಯ ಆಂಟಿಬಯಾಟಿಕ್ ಅದನ್ನು ತದ್ವಿರುದ್ಧವಾಗಿ ಏರಿಸುತ್ತದೆ. ಭೇದಿಗೆಂದು ಯಾರಾದರೂ ಅದನ್ನು ಬರೆದರೆ ಪಿರ್ಫೆನಿಡೋನ್ ಬಗ್ಗೆ ಹೇಳಿ.

ಕತ್ತು ಕಪ್ಪಾಗಿರುವುದು ಬಿಸಿಲಿನಿಂದ. ಈ ಔಷಧಿ ಚರ್ಮವನ್ನು ಬಿಸಿಲಿಗೆ ಒಗ್ಗದಂತೆ ಮಾಡುತ್ತದೆ. ಪ್ರಯೋಗ ನಡೆದ ಎಷ್ಟೋ ಊರುಗಳ ರೋಗಿಗಳಿಗೆ ಮೈಸೂರು ಜಿಲ್ಲೆಯ ಮಾರ್ಚ್ ತಿಂಗಳ ಗದ್ದೆಬದು ಗೊತ್ತಿರಲಾರದು. ಹತ್ತರಿಂದ ನಾಲ್ಕರವರೆಗೆ ಹೊಲಕ್ಕೆ ಹೋಗದಿರುವುದು, ತುಂಬುತೋಳಿನ ಅಂಗಿ, ಕತ್ತು ಮುಚ್ಚುವಂತೆ ಟವೆಲ್, ಎಸ್.ಪಿ.ಎಫ್. 50ರ ಕ್ರೀಮು, ಇಷ್ಟು ಮಾಡಿದರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ. ಇಷ್ಟಾದ ಮೇಲೂ ತಡೆಯದೆ ಹೋದರೆ ನಿಂಟೆಡಾನಿಬ್ ಇದೆ, 150 ಮಿಲಿಗ್ರಾಂ ದಿನಕ್ಕೆ ಎರಡು ಹೊತ್ತು, ತಡೆಯದವರಿಗೆ 100. ಅದು ಬಿಸಿಲಿಗೆ ಹೆದರಿಸುವುದಿಲ್ಲ, ಆದರೆ ಹೊಟ್ಟೆ ಸಡಿಲ ಮಾಡುತ್ತದೆ. ಪ್ರಯೋಗದಲ್ಲಿ ಔಷಧಿ ತಿಂದ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನಕ್ಕೆ ಭೇದಿಯಾಗಿತ್ತು. ಹೊಲದಲ್ಲಿ ದುಡಿಯುವವರಿಗೆ ಯಾವ ಕಷ್ಟ ವಾಸಿ ಎಂಬುದನ್ನು ಅವರೇ ಆರಿಸಿಕೊಳ್ಳಬೇಕು. ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ ಎರಡನೆಯದಕ್ಕೆ ಹೋಗುವ ಮೊದಲು ಹೇಳಬೇಕು.

ಮುಂದೇನು ಎಂದು ನೀವು ಕೇಳಿಲ್ಲ, ಆದರೆ ಕಾಗದದ ಎರಡು ಸಾಲಿನ ನಡುವೆ ಆ ಪ್ರಶ್ನೆ ಇದೆ. ಈ ಔಷಧಿಗಳಿಲ್ಲದ ಕಾಲದಲ್ಲಿ ಕಾಯಿಲೆ ಪತ್ತೆಯಾದ ಮೂರರಿಂದ ಐದು ವರ್ಷದೊಳಗೆ ಅರ್ಧದಷ್ಟು ರೋಗಿಗಳು ತೀರಿಕೊಳ್ಳುತ್ತಿದ್ದರು. ಔಷಧಿ ಆ ಅವಧಿಯನ್ನು ಹಿಗ್ಗಿಸುವಂತೆ ಕಾಣುತ್ತದೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಕೆಲವರು ಹತ್ತು ವರ್ಷ ನಿಧಾನವಾಗಿ ಸಾಗುತ್ತಾರೆ, ಕೆಲವರು ಎರಡೇ ವರ್ಷದಲ್ಲಿ ಜಾರುತ್ತಾರೆ. ಮೊದಲ ಆರು ತಿಂಗಳ ಅಂಕಿ ಸ್ವಲ್ಪ ಸುಳಿವು ಕೊಡುತ್ತದೆ, ಅದು ನಿಮ್ಮ ತಂದೆಯವರ ವಿಷಯದಲ್ಲಿ ಸದ್ಯಕ್ಕೆ ಚೆನ್ನಾಗಿದೆ. ಶ್ವಾಸಕೋಶದ ಕಸಿ ಈ ಕಾಯಿಲೆಗೆ ಇರುವ ನಿಜವಾದ ಬದಲಿ, ಆದರೆ 65 ದಾಟಿದವರನ್ನು ಬಹಳ ಕೇಂದ್ರಗಳು ತೆಗೆದುಕೊಳ್ಳಲು ಹಿಂಜರಿಯುತ್ತವೆ.

ಹೆದರಬೇಕಾದದ್ದು ನಿಧಾನದ ಇಳಿತಕ್ಕಲ್ಲ, ಇದ್ದಕ್ಕಿದ್ದಂತೆ ಆಗುವ ಕುಸಿತಕ್ಕೆ. ನೆಗಡಿ ಜ್ವರದ ಬೆನ್ನಿಗೋ, ಕಾರಣವೇ ಇಲ್ಲದೆಯೋ, ಕೆಲವೇ ದಿನ ವಾರಗಳಲ್ಲಿ ದಮ್ಮು ವಿಪರೀತ ಏರುತ್ತದೆ. ನಿನ್ನೆ ಬಚ್ಚಲುಮನೆಗೆ ನಡೆದವರು ಇಂದು ಮಂಚದಲ್ಲೇ ಏದುಸಿರು ಬಿಡುತ್ತಾರೆ. ಇದಕ್ಕೆ ಆಸ್ಪತ್ರೆ ಸೇರಿದವರಲ್ಲಿ ಅರ್ಧದಷ್ಟು ಮಂದಿ ಮನೆಗೆ ಮರಳುವುದಿಲ್ಲ. ಅದಕ್ಕೇ ಫ್ಲೂ ಲಸಿಕೆ, ನ್ಯೂಮೋನಿಯಾ ಲಸಿಕೆ ಹಾಕಿಸಿ ಎನ್ನುವುದು. ಮನೆಯಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಇರಲಿ. ಕೂತಾಗ ಮಾತ್ರವಲ್ಲ, ಅಂಗಳದಲ್ಲಿ ಆರು ನಿಮಿಷ ನಡೆದ ಮೇಲೂ ನೋಡಿ. ರಿಪೋರ್ಟಿನ ಪ್ರಕಾರ ನಿಮ್ಮ ತಂದೆಯವರದು ಕೂತಾಗ 95, ನಡೆದಾಗ 87. ಈ ಕಾಯಿಲೆಯ ಗುಣವೇ ಅದು, ಕೂತವರನ್ನು ನೋಡಿದರೆ ಏನೂ ಇಲ್ಲದಂತೆ ಕಾಣುತ್ತದೆ. 88ಕ್ಕಿಂತ ಕೆಳಗೆ ಹೋಗುತ್ತಿದೆ ಎಂದರೆ ನಡೆಯುವಾಗ ಆಮ್ಲಜನಕ ಬೇಕಾಗಿದೆ ಎಂದರ್ಥ. ಕಾನ್ಸೆಂಟ್ರೇಟರ್ ಯಂತ್ರ ತಂದರೆ ಕರೆಂಟ್ ಹೋದಾಗಿನ ಗತಿಗೆ ಒಂದು ಸಿಲಿಂಡರ್ ಜೊತೆಗಿರಲಿ. ದೇವರ ಮನೆಯ ದೀಪ, ಊದುಬತ್ತಿ, ಒಲೆ, ಇವುಗಳಿಂದ ಕೊಳವೆ ದೂರವಿರಲಿ. ಆಮ್ಲಜನಕವಿದ್ದಲ್ಲಿ ಕಿಡಿ ಬೇಗ ಬೆಂಕಿಯಾಗುತ್ತದೆ.

ಇನ್ನು ಜಾತ್ರೆ. ಕರೆದುಕೊಂಡು ಹೋಗಿ. ದೊಡ್ಡ ತೇರು ಎಳೆಯುವುದು ಬೆಳಗಿನ ಜಾವ ಕಳೆದು ಬಿಸಿಲೇರುವ ಮೊದಲು, ನಿಮ್ಮ ತಂದೆಯವರ ಚರ್ಮಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹಗ್ಗದ ಹತ್ತಿರ ಹೋಗುವುದು ಬೇಡ, ಅಲ್ಲಿ ಧೂಳು, ನೂಕುನುಗ್ಗಲು ಎರಡೂ. ರಥಬೀದಿಯಲ್ಲಿ ಪರಿಚಯದವರ ಜಗುಲಿ ಸಿಕ್ಕರೆ ಮೊದಲೇ ಕೇಳಿಕೊಳ್ಳಿ, ಕೂತು ನೋಡಲಿ. ಮುಖಕ್ಕೆ ಮಾಸ್ಕ್, ನಿಮ್ಮ ಜೇಬಿನಲ್ಲಿ ಆಕ್ಸಿಮೀಟರ್, ಕೆಮ್ಮಿ ನೆಗಡಿಯಾದ ನೆಂಟರಿಂದ ಎರಡು ಮಾರು ದೂರ. ಕಪಿಲೆಯಲ್ಲಿ ಮುಳುಗು ಹಾಕಲು ಹೊರಟರೆ ತಡೆಯಿರಿ, ಸೋಪಾನ ಇಳಿದವರು ಹತ್ತಿ ಬರಲೂ ಬೇಕು. ತಿಂಡಿ ತಿನ್ನಿಸಿ, ತಿಂಡಿಯ ನಡುವೆ ಬೆಳಗಿನ ಮಾತ್ರೆ ಕೊಟ್ಟು, ಒಂಬತ್ತರೊಳಗೆ ಊರಿನ ಬಸ್ಸು ಹತ್ತಿಸಿ.